ಸ್ಕಾರ್ಪಿಯೋ ಹುಡುಗ, ತುಲಾ ರಾಶಿಯ ವರ

1995ರ ಅಕ್ಟೋಬರ್ 24ರ ಬೆಳಿಗ್ಗೆ ರಾಜಸ್ಥಾನದಿಂದ ಬಂಗಾಳದವರೆಗೆ ಒಂದು ಕಿರಿದಾದ ಪಟ್ಟಿಯಲ್ಲಿ ಹಗಲೇ ಕತ್ತಲಾಯಿತು. ಸಂಪೂರ್ಣ ಸೂರ್ಯಗ್ರಹಣ. ಕರ್ನಾಟಕದಲ್ಲಿ ಸೂರ್ಯನ ಒಂದು ಪಾಲು ಮಾತ್ರ ಮರೆಯಾಗಿತ್ತು. ಅದೇ ಬೆಳಿಗ್ಗೆ 10 ಗಂಟೆ 6 ನಿಮಿಷಕ್ಕೆ ದಾವಣಗೆರೆಯಲ್ಲಿ ಒಂದು ಗಂಡುಮಗು ಹುಟ್ಟಿತು ಎಂದಿಟ್ಟುಕೊಳ್ಳೋಣ. ಇನ್ನು 2000ದ ಜುಲೈ 16. ಅಂದು ಆಷಾಢ ಹುಣ್ಣಿಮೆ, ಸಂಜೆ ಪೂರ್ಣ ಚಂದ್ರಗ್ರಹಣ. 7 ಗಂಟೆ 25 ನಿಮಿಷಕ್ಕೆ ಮಂಗಳೂರಿನಲ್ಲಿ ಒಂದು ಹೆಣ್ಣುಮಗು. ಈಗ ಈ ಇಬ್ಬರಿಗೂ ಮದುವೆಯ ಮಾತು ನಡೆದಿದೆ.

ಗ್ರಹಣದಲ್ಲಿ ಹುಟ್ಟಿದವರನ್ನೇ ಆರಿಸಿಕೊಂಡೆನೆಂದು ಯಾರೂ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಅಮಾವಾಸ್ಯೆಯ ಕ್ಷಣದಲ್ಲಿ ಸೂರ್ಯ ಚಂದ್ರರು ಒಂದೇ ರೇಖಾಂಶದಲ್ಲಿರುತ್ತಾರೆ, ಹುಣ್ಣಿಮೆಯ ಕ್ಷಣದಲ್ಲಿ ಎದುರುಬದುರಾಗಿರುತ್ತಾರೆ. ಹಾಗಾಗಿ ಲೆಕ್ಕ ಸುಲಭ, ಯಾರು ಬೇಕಾದರೂ ತಾಳೆ ನೋಡಬಹುದು. ಅಷ್ಟೇ ಕಾರಣ.

ಹುಡುಗ ತನ್ನ ಮೊಬೈಲಿನಲ್ಲಿ ಕಾಲೇಜು ದಿನಗಳಿಂದಲೂ ಸ್ಕಾರ್ಪಿಯೋ, ಅಂದರೆ ವೃಶ್ಚಿಕ. ಮನೆಯಲ್ಲಿರುವ ಜಾತಕದಲ್ಲಿ ಅವನದು ತುಲಾ ರಾಶಿ. ಹುಡುಗಿ ಮೊಬೈಲಿನಲ್ಲಿ ಕ್ಯಾನ್ಸರ್, ಅಂದರೆ ಕರ್ಕಾಟಕ, ಜಾತಕದಲ್ಲಿ ಮಕರ. ಇಂಥ ಗೊಂದಲಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅವರು ಸೂರ್ಯನನ್ನು ನೋಡುತ್ತಾರೆ, ನಾವು ಚಂದ್ರನನ್ನು ನೋಡುತ್ತೇವೆ. ಉತ್ತರ ಸರಿ, ಆದರೆ ಅರ್ಧ. ಹುಡುಗಿಯ ವಿಷಯದಲ್ಲಿ ಅದು ಪೂರ್ತಿ ಸರಿಹೋಗುತ್ತದೆ: ಅವಳ ಸೂರ್ಯ ಎರಡೂ ಪದ್ಧತಿಯಲ್ಲಿ ಕರ್ಕಾಟಕದಲ್ಲೇ, ಚಂದ್ರ ಎರಡರಲ್ಲೂ ಮಕರದಲ್ಲೇ. ಹುಡುಗನ ವಿಷಯದಲ್ಲಿ ಅದು ಸರಿಹೋಗುವುದಿಲ್ಲ. ಅವನು ಹುಟ್ಟಿದಾಗ ಸೂರ್ಯ ಚಂದ್ರರಿಬ್ಬರೂ ಒಂದೇ ಕಡೆ ಇದ್ದರು. ಯಾರನ್ನು ನೋಡಿದರೂ ಒಂದೇ ರಾಶಿ ಬರಬೇಕಿತ್ತು. ಆದರೂ ಒಂದು ಕಡೆ ವೃಶ್ಚಿಕ, ಇನ್ನೊಂದು ಕಡೆ ತುಲಾ. ಹಾಗಾದರೆ ವ್ಯತ್ಯಾಸ ಇರುವುದು ಗ್ರಹದಲ್ಲಲ್ಲ, ಅಳತೆಪಟ್ಟಿಯ ಸೊನ್ನೆಯಲ್ಲಿ.

ಸೂರ್ಯ ವರ್ಷವಿಡೀ ಸಾಗುವಂತೆ ತೋರುವ ವೃತ್ತವನ್ನು 30 ಡಿಗ್ರಿಯ 12 ತುಂಡು ಮಾಡುವುದರಲ್ಲಿ ಎರಡೂ ಕಡೆಯವರದು ಒಂದೇ ಮಾತು. ಮೊದಲ ತುಂಡು ಎಲ್ಲಿ ಶುರುವಾಗಬೇಕು ಎಂಬಲ್ಲಿ ಜಗಳ. ಪಶ್ಚಿಮದವರು ಮಾರ್ಚ್ 20 ಅಥವಾ 21ರಂದು, ಹಗಲು ರಾತ್ರಿ ಸಮವಾಗುವ ವಿಷುವದ ದಿನ, ಸೂರ್ಯ ನಿಂತ ಜಾಗವನ್ನೇ ಮೇಷದ ಸೊನ್ನೆ ಎನ್ನುತ್ತಾರೆ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಈ ಕ್ರಮವನ್ನು ಗಟ್ಟಿಯಾಗಿ ಹಿಡಿದ. ಇದು ಋತುಗಳಿಗೆ ಕಟ್ಟಿದ ಅಳತೆ, ನಮ್ಮ ಭಾಷೆಯಲ್ಲಿ ಸಾಯನ. ನಮ್ಮ ಜೋಯಿಸರು ಬಳಸುವುದು ನಿರಯನ. ಅದು ನಕ್ಷತ್ರಗಳಿಗೆ ಕಟ್ಟಿದ ಅಳತೆ. ಹೊಳೆಯುವ ಚಿತ್ತಾ ನಕ್ಷತ್ರ ತುಲಾ ರಾಶಿಯ ಬಾಗಿಲಲ್ಲಿ, ಸರಿಯಾಗಿ 180 ಡಿಗ್ರಿಯಲ್ಲಿರುವಂತೆ ಹಿಂದಕ್ಕೆ ಎಣಿಸಿ ಸೊನ್ನೆ ಗುರುತಿಸುವುದು ಇಂದು ಹೆಚ್ಚು ಬಳಕೆಯಲ್ಲಿರುವ ಕ್ರಮ.

ಈ ಎರಡು ಸೊನ್ನೆಗಳೂ ಒಂದೇ ಕಡೆ ನಿಂತಿದ್ದರೆ ತಕರಾರಿರಲಿಲ್ಲ. ಚಿತ್ತಾ ಲೆಕ್ಕದ ಪ್ರಕಾರ ಸುಮಾರು ಕ್ರಿಸ್ತಶಕ 285ರಲ್ಲಿ ಅವು ಒಂದೇ ಕಡೆ ಇದ್ದವು. ಆದರೆ ಭೂಮಿಯ ಅಕ್ಷ ಸ್ಥಿರವಲ್ಲ. ಭೂಮಿಯ ಹೊಟ್ಟೆ ಸ್ವಲ್ಪ ಉಬ್ಬಿದೆ. ಸೂರ್ಯ ಚಂದ್ರರು ಆ ಉಬ್ಬನ್ನು ಎಳೆಯುವುದರಿಂದ ಅಕ್ಷವು ವೇಗ ಕಳೆದುಕೊಂಡ ಬುಗುರಿಯ ಮೊಳೆಯಂತೆ ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಅದರಿಂದಾಗಿ ವಿಷುವದ ಬಿಂದು ನಕ್ಷತ್ರಗಳ ನಡುವೆ 72 ವರ್ಷಕ್ಕೊಂದು ಡಿಗ್ರಿಯಂತೆ ಹಿಂದಕ್ಕೆ ಜಾರುತ್ತದೆ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ತನ್ನ ಕಾಲದ ಅಳತೆಗಳನ್ನು ಹಳೆಯ ದಾಖಲೆಗಳ ಜೊತೆ ಹೋಲಿಸಿ ಈ ಜಾರುವಿಕೆಯನ್ನು ಪತ್ತೆ ಮಾಡಿದ. ಅವನಿಗೆ ನೆರವಾದ ನಕ್ಷತ್ರಗಳಲ್ಲಿ ಮುಖ್ಯವಾದದ್ದು ಇದೇ ಚಿತ್ತಾ. ಎರಡು ಸೊನ್ನೆಗಳ ನಡುವೆ ಹೀಗೆ ಕೂಡಿಬಂದ ಅಂತರವೇ ಅಯನಾಂಶ. ಈಗ ಅದು 24 ಡಿಗ್ರಿ ದಾಟಿದೆ.

ಅಯನಾಂಶವನ್ನು ನೋಡಲು ಗಣಿತವೇ ಬೇಕಾಗಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸಾಯನದ ಮಕರ ಶುರುವಾಗುವುದೂ ಅಂದೇ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ. ತುಳುನಾಡಿನ ಬಿಸು ಏಪ್ರಿಲ್ 14ರ ಆಸುಪಾಸಿಗೆ ಬಂದರೆ ವಿಷುವ ಮಾರ್ಚಿನಲ್ಲೇ ಮುಗಿದಿರುತ್ತದೆ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸಾಗುತ್ತಾನೆ, ಆದ್ದರಿಂದ ಆ ಇಪ್ಪತ್ನಾಲ್ಕು ದಿನಗಳೇ ಇಪ್ಪತ್ನಾಲ್ಕು ಡಿಗ್ರಿ. ಸಂಕ್ರಾಂತಿಯ ದಿನ ಉತ್ತರಾಯಣ ಶುರು ಎನ್ನುವುದು ಇಂದು ಆಚರಣೆಯ ಮಾತು. ಆಕಾಶದಲ್ಲಿ ಅದು ಮೂರು ವಾರಕ್ಕೂ ಹಿಂದೆಯೇ ಆಗಿಹೋಗಿರುತ್ತದೆ.

ಈಗ ನಮ್ಮ ಹುಡುಗನ ಲೆಕ್ಕ ಮಾಡೋಣ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿಗೆ ಕಲೆ ಎನ್ನುತ್ತಾರೆ. ಅವನು ಹುಟ್ಟಿದಾಗ ಸೂರ್ಯ ಚಂದ್ರರು ವಿಷುವ ಬಿಂದುವಿನಿಂದ 210 ಡಿಗ್ರಿ 17 ಕಲೆ ದೂರದಲ್ಲಿದ್ದರು. 210ಕ್ಕೆ ಏಳು ರಾಶಿ ಮುಗಿದು ಎಂಟನೆಯದು ಶುರು. ಸಾಯನದಲ್ಲಿ ಅವನು ವೃಶ್ಚಿಕದ ಹೊಸ್ತಿಲನ್ನು ಆಗಷ್ಟೇ ದಾಟಿದವನು. ಆ ದಿನದ ಅಯನಾಂಶ ಸುಮಾರು 23 ಡಿಗ್ರಿ 48 ಕಲೆ. ಅದನ್ನು ಕಳೆದರೆ ಉಳಿಯುವುದು 186 ಡಿಗ್ರಿ 30 ಕಲೆಯ ಆಸುಪಾಸು. ಅಂದರೆ ನಿರಯನದಲ್ಲಿ ತುಲಾ ರಾಶಿಯ ಏಳನೇ ಡಿಗ್ರಿ. ಹುಡುಗಿಯ ಚಂದ್ರ ಸಾಯನದಲ್ಲಿ 294 ಡಿಗ್ರಿ 19 ಕಲೆ. ಮಕರದ 25ನೇ ಡಿಗ್ರಿ. ಇವಳಿಂದ 23 ಡಿಗ್ರಿ 51 ಕಲೆ ಕಳೆದರೂ 270 ಡಿಗ್ರಿ 28 ಕಲೆ ಉಳಿಯಿತು. 270ಕ್ಕೇ ಮಕರ ಶುರುವಾಗುವುದರಿಂದ ಅವಳು ಅಂಚಿನಲ್ಲಿ ಹೇಗೋ ಅದೇ ರಾಶಿಯಲ್ಲಿ ಉಳಿದುಕೊಂಡಳು.

ಇದೇ ನಿಯಮ. ಸಾಯನ ರಾಶಿಯ ಮೊದಲ 24 ಡಿಗ್ರಿಯೊಳಗಿನ ಗ್ರಹ ನಿರಯನದಲ್ಲಿ ಹಿಂದಿನ ರಾಶಿಗೆ ಹೋಗುತ್ತದೆ, ಕೊನೆಯ 6 ಡಿಗ್ರಿಯಲ್ಲಿರುವುದು ಅಲ್ಲೇ ಉಳಿಯುತ್ತದೆ. 30ರಲ್ಲಿ 24, ಅಂದರೆ ಐದರಲ್ಲಿ ನಾಲ್ಕು ಪಾಲು ಜನರ ರಾಶಿ ಬದಲಾಗುತ್ತದೆ. ಸೂರ್ಯನ ಮಟ್ಟಿಗೆ ಹೇಳುವುದಾದರೆ ತಿಂಗಳ ನಡುವಿನಿಂದ 20–22ನೇ ತಾರೀಖಿನವರೆಗೆ ಹುಟ್ಟಿದವರಿಗೆ ಮಾತ್ರ ಎರಡೂ ಕಡೆ ಒಂದೇ ರಾಶಿ.

ಹೊಂದಾಣಿಕೆಯ ಪ್ರಶ್ನೆ ಬಂದಾಗ ಒಂದು ಕುತೂಹಲದ ಸಂಗತಿ ಎದುರಾಗುತ್ತದೆ. ಹುಡುಗ ಹುಡುಗಿ ಇಬ್ಬರೂ ಒಂದೊಂದು ರಾಶಿ ಹಿಂದೆ ಸರಿದರೆ ಅವರ ನಡುವಿನ ಅಂತರ ಬದಲಾಗುವುದಿಲ್ಲ. ಇಬ್ಬರೂ ಸರಿಯದಿದ್ದರೂ ಅಷ್ಟೇ. ಒಬ್ಬರು ಸರಿದು ಇನ್ನೊಬ್ಬರು ಉಳಿದಾಗ ಮಾತ್ರ ಅಂತರ ಬದಲಾಗುತ್ತದೆ. ಹುಟ್ಟುಗಳು ವೃತ್ತದಲ್ಲಿ ಸಮನಾಗಿ ಹರಡಿವೆ ಎಂದುಕೊಂಡರೆ ಇಂಥ ಜೋಡಿಗಳು ನೂರಕ್ಕೆ ಸುಮಾರು 32. ನಮ್ಮ ಜೋಡಿ ಆ ಮೂವತ್ತೆರಡರಲ್ಲಿ ಒಂದು.

ಮೊದಲು ಮೊಬೈಲಿನ ತೀರ್ಪು. ಪಶ್ಚಿಮದ ಜನಪ್ರಿಯ ಅಂಕಣಗಳು ಸೂರ್ಯರಾಶಿಗಳನ್ನು ಅಗ್ನಿ, ಭೂಮಿ, ವಾಯು, ಜಲ ಎಂದು ವಿಂಗಡಿಸುತ್ತವೆ. ಒಂದೇ ತತ್ವದವರು ಪರಸ್ಪರ 120 ಡಿಗ್ರಿ ದೂರದವರು, ಒಳ್ಳೆಯ ಜೋಡಿ. 90 ಡಿಗ್ರಿ ದೂರದವರಿಗೆ ಘರ್ಷಣೆ. ಹುಡುಗ ವೃಶ್ಚಿಕ, ಹುಡುಗಿ ಕರ್ಕಾಟಕ, ಎರಡೂ ಜಲರಾಶಿ. ಇಬ್ಬರೂ ಭಾವುಕರು, ಹೇಳಿ ಮಾಡಿಸಿದ ಜೋಡಿ ಎಂದು ಪರದೆಯ ಮೇಲೆ ಬರುತ್ತದೆ. ಅದೇ ಅಂಕಣದ ನಿಯಮವನ್ನು ನಿರಯನ ಸೂರ್ಯರಾಶಿಗೆ ಅನ್ವಯಿಸಿದರೆ ಹುಡುಗ ತುಲಾ, ವಾಯುರಾಶಿ. ಹುಡುಗಿ ಕರ್ಕಾಟಕ, ಜಲರಾಶಿ. 90 ಡಿಗ್ರಿಯ ಜೋಡಿ. ಹೊಂದುವುದಿಲ್ಲ.

ಯಾವುದು ಸರಿ? ರಾಶಿಗಳ ಹೆಸರು ಮರೆತು ನೇರವಾಗಿ ಸೂರ್ಯರ ನಡುವಿನ ದೂರವನ್ನೇ ಅಳೆದು ನೋಡಿ. ಹುಡುಗಿಯ ಸೂರ್ಯ ಸಾಯನದಲ್ಲಿ 114 ಡಿಗ್ರಿ 19 ಕಲೆ, ಹುಡುಗನದು 210 ಡಿಗ್ರಿ 17 ಕಲೆ. ಅಂತರ 96 ಡಿಗ್ರಿ. ಅದು 90ಕ್ಕೆ ಹತ್ತಿರ, 120ಕ್ಕೆ ಬಲು ದೂರ. ಅಂದರೆ ಸಾಯನ ಪದ್ಧತಿಯೊಳಗೇ ಅಂಕಣದ ತೀರ್ಪು ಅದರ ಮೂಲ ಸೂತ್ರಕ್ಕೆ ಒಗ್ಗುವುದಿಲ್ಲ. ಒಬ್ಬರು ರಾಶಿಯ ಆರಂಭದಲ್ಲಿದ್ದು ಇನ್ನೊಬ್ಬರು ಕೊನೆಯಲ್ಲಿದ್ದಾಗ ಹೀಗಾಗುತ್ತದೆ. ಪಶ್ಚಿಮದ ವೃತ್ತಿಪರ ಜ್ಯೋತಿಷಿಗಳಿಗೆ ಇದು ಗೊತ್ತು. ಅವರು ಜೋಡಿ ಜಾತಕ ನೋಡುವಾಗ ಡಿಗ್ರಿಯ ದೂರವನ್ನೇ ಎಣಿಸುತ್ತಾರೆ. ಆ ದೂರ ನಿರಯನಕ್ಕೆ ಬಂದರೂ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಇಬ್ಬರಿಂದಲೂ ಕಳೆಯುವುದು ಸುಮಾರು ಒಂದೇ ಸಂಖ್ಯೆ. ಈ ಇಬ್ಬರ ನಡುವೆ ಐದು ವರ್ಷದ ಅಂತರವಿದ್ದುದರಿಂದ ಅಯನಾಂಶದಲ್ಲಿ ಬಂದ ವ್ಯತ್ಯಾಸ ನಾಲ್ಕು ಕಲೆ, ಅಷ್ಟೆ. ಅಳತೆ ಒಂದೇ ಆಗಿದ್ದೂ ತೀರ್ಪು ತಿರುಗುವುದು ಗೆರೆ ಎಳೆದ ಜಾಗದಿಂದ.

ಸೂರ್ಯರಾಶಿಗೂ ದಾಂಪತ್ಯಕ್ಕೂ ನಂಟಿದೆಯೇ ಎಂದು ಬ್ರಿಟನ್ನಿನ ಸಮಾಜವಿಜ್ಞಾನಿ ಡೇವಿಡ್ ವೋಸ್ 2001ರ ಜನಗಣತಿಯಲ್ಲಿ ಸಿಕ್ಕ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಒಂದು ಕೋಟಿ ದಂಪತಿಗಳ ಹುಟ್ಟುದಿನಗಳನ್ನು ಪರಿಶೀಲಿಸಿದರು. ಯಾವ ರಾಶಿಯವರೂ ಯಾವ ರಾಶಿಯವರನ್ನೂ ವಿಶೇಷವಾಗಿ ಹುಡುಕಿ ಮದುವೆಯಾದ ಕುರುಹು ಸಿಗಲಿಲ್ಲ. ಒಂದೇ ರಾಶಿಯ ದಂಪತಿಗಳು ಮಾತ್ರ ನಿರೀಕ್ಷೆಗಿಂತ ಚೂರು ಹೆಚ್ಚು ಕಂಡರು. ಬೆದಕಿ ನೋಡಿದಾಗ ಅದಕ್ಕೆ ಕಾರಣವಾದದ್ದು ಅರ್ಜಿ ತುಂಬುವಾಗಿನ ತಪ್ಪುಗಳು: ಗಂಡನೋ ಹೆಂಡತಿಯೋ ಸಂಗಾತಿಯ ಕಾಲಂನಲ್ಲಿ ತಮ್ಮದೇ ಹುಟ್ಟುದಿನ ಬರೆದುಬಿಟ್ಟಿದ್ದರು.

ನಮ್ಮ ಮನೆಗಳಲ್ಲಿ ಸೂರ್ಯರಾಶಿಯ ಮೇಲೆ ಮದುವೆ ನಿಂತಿಲ್ಲ. ನಮ್ಮ ಸಾಲಾವಳಿ ಚಂದ್ರನ ರಾಶಿ ಮತ್ತು ಚಂದ್ರನ ನಕ್ಷತ್ರದ ಮೇಲೆ ನಡೆಯುತ್ತದೆ. ಎಂಟು ಕೂಟ, ಒಟ್ಟು 36 ಗುಣ, 18 ಬಂದರೆ ಮಾತು ಮುಂದುವರಿಸಬಹುದು ಎಂಬುದು ರೂಢಿ. ಹೆಚ್ಚು ತೂಕದವು ಮೂರು: ನಾಡಿಗೆ 8, ರಾಶಿಕೂಟಕ್ಕೆ 7, ಗಣಕ್ಕೆ 6. ರಾಶಿಕೂಟ ಇಬ್ಬರ ರಾಶಿಗಳ ಅಂತರವನ್ನು ನೋಡುತ್ತದೆ, ನಾಡಿ ಮತ್ತು ಗಣ ನಕ್ಷತ್ರವನ್ನು ಮಾತ್ರ. ಒಂದು ನಕ್ಷತ್ರದ ಅಗಲ 13 ಡಿಗ್ರಿ 20 ಕಲೆ, ರಾಶಿಯ ಅರ್ಧಕ್ಕೂ ಕಡಿಮೆ. ಗೆರೆಗಳು ಒತ್ತೊತ್ತಾಗಿದ್ದಷ್ಟೂ ಸೊನ್ನೆಯ ಸಣ್ಣ ಸರಿದಾಟಕ್ಕೂ ಮನುಷ್ಯ ಗೆರೆ ದಾಟುತ್ತಾನೆ. ಹಾಗಾಗಿ ನಮ್ಮ ಪದ್ಧತಿಯೊಳಗಿನ ಅಪಾಯ ಪಶ್ಚಿಮದ ರಾಶಿಯಿಂದ ಬರುವುದಿಲ್ಲ. ನಿರಯನದವರೇ ತಮ್ಮ ಸೊನ್ನೆಯ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲದಿರುವುದರಿಂದ ಬರುತ್ತದೆ.

1952ರಲ್ಲಿ ಭಾರತ ಸರ್ಕಾರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಎನ್. ಸಿ. ಲಾಹಿರಿ ಅದರ ಕಾರ್ಯದರ್ಶಿ. ಚಿತ್ತಾ ನಕ್ಷತ್ರವನ್ನು ಆಧಾರವಾಗಿಟ್ಟುಕೊಂಡು 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ ಎಂದು ಸಮಿತಿ ನಿಗದಿ ಮಾಡಿತು. ಜನರ ಬಾಯಲ್ಲಿ ಅದು ಲಾಹಿರಿ ಅಯನಾಂಶ. ಆದರೆ ಬೆಂಗಳೂರಿನ ಬಿ. ವಿ. ರಾಮನ್, 'ಅಸ್ಟ್ರಾಲಜಿಕಲ್ ಮ್ಯಾಗಜಿನ್' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು, ಅದನ್ನು ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಎರಡು ಸೊನ್ನೆಗಳು ಕೂಡಿದ್ದು ಕ್ರಿಸ್ತಶಕ 397ರಲ್ಲಿ. ಅದರಿಂದ ಅವರ ಅಯನಾಂಶ ಲಾಹಿರಿಯದಕ್ಕಿಂತ ಸುಮಾರು 1 ಡಿಗ್ರಿ 26 ಕಲೆ ಕಡಿಮೆ. ಇವೆರಡರ ಹೊರಗೂ ಕೃಷ್ಣಮೂರ್ತಿ ಪದ್ಧತಿಯಂಥ ಬೇರೆ ಲೆಕ್ಕಗಳಿವೆ. ಜಾತಕದ ತಂತ್ರಾಂಶಗಳಲ್ಲಿ ಇವೆಲ್ಲ ಒಂದರ ಕೆಳಗೊಂದು ಆಯ್ಕೆಯಾಗಿ ಕೂತಿರುತ್ತವೆ.

ನಮ್ಮ ಜೋಡಿಯನ್ನು ಈ ಎರಡು ಸೊನ್ನೆಗಳಿಂದ ನೋಡಿ. ಚಿತ್ತಾ ನಕ್ಷತ್ರದ ಪಾಲು ಮುಗಿದು ಸ್ವಾತಿ ಶುರುವಾಗುವುದು 186 ಡಿಗ್ರಿ 40 ಕಲೆಗೆ. ಲಾಹಿರಿಯಲ್ಲಿ ಹುಡುಗನ ಚಂದ್ರ 186 ಡಿಗ್ರಿ 30 ಕಲೆ, ಚಿತ್ತಾ ನಾಲ್ಕನೇ ಪಾದ. ರಾಮನ್ ಲೆಕ್ಕದಲ್ಲಿ 187 ಡಿಗ್ರಿ 56 ಕಲೆ, ಸ್ವಾತಿ ಒಂದನೇ ಪಾದ. ಹುಡುಗಿ ಎರಡರಲ್ಲೂ ಮಕರ ರಾಶಿ, ಉತ್ತರಾಷಾಢ ಎರಡನೇ ಪಾದ. ರಾಶಿಗಳು ಬದಲಾಗದ್ದರಿಂದ ತುಲಾ–ಮಕರಕ್ಕೆ ಸಿಗಬೇಕಾದ ರಾಶಿಕೂಟದ 7 ಗುಣ ಎರಡು ಕಡೆಯೂ ಪೂರ್ತಿ. ತುಲೆಯ ಅಧಿಪತಿ ಶುಕ್ರ, ಮಕರದ ಅಧಿಪತಿ ಶನಿ, ಇಬ್ಬರೂ ಮಿತ್ರರು. ಗ್ರಹಮೈತ್ರಿಯ 5 ಕೂಡ ಪೂರ್ತಿ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಚಿತ್ತಾ ರಾಕ್ಷಸ ಗಣ, ಉತ್ತರಾಷಾಢ ಮನುಷ್ಯ ಗಣ; ಸಾಮಾನ್ಯವಾಗಿ ಬಳಸುವ ಕೋಷ್ಟಕದಲ್ಲಿ ಈ ಜೋಡಿಗೆ ಸೊನ್ನೆ. ನಾಡಿಯಲ್ಲಿ ಚಿತ್ತಾ ಮಧ್ಯ, ಉತ್ತರಾಷಾಢ ಅಂತ್ಯ. ಬೇರೆ ಬೇರೆ ನಾಡಿ, ಪೂರ್ತಿ 8. ಇದು ಲಾಹಿರಿಯ ತೀರ್ಪು. ಹುಡುಗ ಸ್ವಾತಿಯಾದರೆ ದೇವ ಗಣ, ಗಣಕೂಟಕ್ಕೆ 6. ಆದರೆ ಸ್ವಾತಿಯದೂ ಅಂತ್ಯ ನಾಡಿ. ಇಬ್ಬರದೂ ಏಕನಾಡಿ, 8ರಲ್ಲಿ ಸೊನ್ನೆ. ಒಟ್ಟು ಗುಣ ಎರಡು ಕಡೆಯೂ 18 ದಾಟುತ್ತದೆ, ವ್ಯತ್ಯಾಸ ಅಷ್ಟೇನೂ ಇಲ್ಲ. ಆದರೆ ನಾಡಿದೋಷ ಎಂದ ಕೂಡಲೇ ಮೊತ್ತವನ್ನು ಯಾರೂ ನೋಡುವುದಿಲ್ಲ. ಸಂತಾನಕ್ಕೆ ತೊಂದರೆ ಎಂದು ಅಜ್ಜಿ ಒಂದು ಮಾತು ಹೇಳಿದರೆ ಮುಗಿಯಿತು. ಒಬ್ಬ ಜೋಯಿಸರು ಗಣ ಕೂಡಿಲ್ಲ, ಆದರೂ ಪರವಾಗಿಲ್ಲ ಎಂದು ಕಳಿಸುವ ಸಂಬಂಧವನ್ನು ಇನ್ನೊಬ್ಬರು ಏಕನಾಡಿ, ಬೇಡವೇ ಬೇಡ ಎಂದು ವಾಪಸು ಕಳಿಸುತ್ತಾರೆ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೂಟದ ಕೋಷ್ಟಕವೂ ಒಂದೇ.

ಹಾಗಾಗಿ ಎರಡು ಕಡೆ ಬೇರೆ ಬೇರೆ ಉತ್ತರ ಬಂದಾಗ ಮೊದಲು ನೋಡಬೇಕಾದದ್ದು ಜಾತಕದ ಮೇಲ್ತುದಿಯಲ್ಲಿ ಅಯನಾಂಶ ಎಂದು ಬರೆದಿರುವ ಸಾಲು. 1990ರ ದಶಕದಿಂದೀಚೆ ಹುಟ್ಟಿದವರಿಗೆ ಲಾಹಿರಿಯಲ್ಲಿ 23 ಡಿಗ್ರಿ 43 ಕಲೆಯಿಂದ ಮೇಲೆ, 24ರ ಆಸುಪಾಸು ಇರುತ್ತದೆ. 22 ಡಿಗ್ರಿ ಚಿಲ್ಲರೆ ಇದ್ದರೆ ಅದು ರಾಮನ್ ಲೆಕ್ಕವಿರಬಹುದು. ಸೊನ್ನೆ ಎಂದಿದ್ದರೆ ತಂತ್ರಾಂಶ ಸಾಯನದಲ್ಲಿದೆ, ಅದರ ಮೇಲೆ ಸಾಲಾವಳಿ ನೋಡುವುದರಲ್ಲಿ ಅರ್ಥವೇ ಇಲ್ಲ: ನಮ್ಮ ಹುಡುಗ ವಿಶಾಖ ನಕ್ಷತ್ರದವನಾಗುತ್ತಾನೆ, ಹುಡುಗಿ ಧನಿಷ್ಠಾ. ವರ ಮತ್ತು ವಧುವಿನ ಜಾತಕಗಳನ್ನು ಬೇರೆ ಬೇರೆ ಕಡೆ ಬರೆಸಿದ್ದರೆ ಎರಡನ್ನೂ ಒಂದೇ ಅಯನಾಂಶದಲ್ಲಿ ಹೊಸದಾಗಿ ಹಾಕಿಸದೆ ಗುಣ ಎಣಿಸುವುದು ಒಬ್ಬರನ್ನು ಅಡಿಯಲ್ಲಿ, ಇನ್ನೊಬ್ಬರನ್ನು ಮೀಟರಿನಲ್ಲಿ ಅಳೆದು ಎತ್ತರ ಹೋಲಿಸಿದ ಹಾಗೆ. ವಿದೇಶದಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ಈ ತೊಡಕು ಹೆಚ್ಚು, ಏಕೆಂದರೆ ಅಲ್ಲಿನ ಅಂತರ್ಜಾಲ ತಾಣಗಳು ಏನೂ ಕೇಳದೆ ಸಾಯನದಲ್ಲೇ ಚಂದ್ರರಾಶಿಯನ್ನೂ ಕೊಟ್ಟುಬಿಡುತ್ತವೆ. ಚಂದ್ರರಾಶಿ ಎಂದು ಬರೆದಿದ್ದ ಮಾತ್ರಕ್ಕೆ ಅದು ನಮ್ಮ ಜನ್ಮರಾಶಿಯಾಗುವುದಿಲ್ಲ.

ಅಯನಾಂಶ ಸರಿಪಡಿಸಿದ ಮೇಲೂ ಉಳಿಯುವುದು ಗಡಿಯಾರ. ಆ ದಿನ ಚಂದ್ರ ಭೂಮಿಗೆ ಹತ್ತಿರ ಬರುತ್ತಿದ್ದ, ಗಂಟೆಗೆ 36 ಕಲೆಗೂ ಸ್ವಲ್ಪ ಹೆಚ್ಚು ವೇಗದಲ್ಲಿ ಓಡುತ್ತಿದ್ದ. ಚಿತ್ತಾ ಮುಗಿಯಲು ಉಳಿದಿದ್ದದ್ದು 10 ಕಲೆ, ಹೆಚ್ಚೆಂದರೆ ಹದಿನೇಳು ನಿಮಿಷ. ಹೆರಿಗೆ ಕೋಣೆಯಲ್ಲಿ 10 ಗಂಟೆ 6 ನಿಮಿಷ ಎಂದು ಬರೆಯುವ ಬದಲು ಹತ್ತೂವರೆ ಎಂದು ದುಂಡಗೆ ಬರೆದಿದ್ದರೆ ಲಾಹಿರಿಯಲ್ಲೂ ಹುಡುಗ ಸ್ವಾತಿಯೇ, ಏಕನಾಡಿಯೇ. ಲಾಹಿರಿ ಮತ್ತು ರಾಮನ್ ನಡುವಿನ ಇಡೀ ಜಗಳ ಅಂದಿನ ಚಂದ್ರನ ಓಟದಲ್ಲಿ ಎರಡೂಕಾಲು ಗಂಟೆಯಷ್ಟು. ಹಳೆಯ ಜಾತಕಗಳಲ್ಲಿ ಹುಟ್ಟಿದ ಹೊತ್ತು ಎಂದರೆ ಎಷ್ಟೋ ಸಲ 'ಹಾಲು ಕರೆಯುವ ವೇಳೆ' ಅಥವಾ 'ಊಟಕ್ಕೆ ಮುಂಚೆ'.